ಬ್ರ್ಯಾಂಡ್ ಮೌಲ್ಯ ಬರೆಯುವ ನಾಲ್ಕು ಬಗೆ: ಯಾವುದು ಒರೆಗೆ ನಿಲ್ಲುತ್ತದೆ?

ಮೌಲ್ಯಗಳನ್ನು ಬರೆಯೋಣ ಎಂದು ಕಂಪನಿಯವರು ಕೂತಾಗ ಹಲಗೆಯ ಮೇಲೆ ಮೊದಲು ಬೀಳುವ ಪದಗಳು ಬಹುಮಟ್ಟಿಗೆ ಒಂದೇ: ಪ್ರಾಮಾಣಿಕತೆ, ಶ್ರೇಷ್ಠತೆ, ಗ್ರಾಹಕರೇ ಮೊದಲು. ಇವು ಕೆಟ್ಟ ಪದಗಳಲ್ಲ. ತೊಂದರೆ ಇರುವುದು ಬೇರೆ ಕಡೆ: ಇವನ್ನು ಹಿಡಿದು ಯಾವ ತೀರ್ಮಾನವನ್ನೂ ಸರಿ ಅಥವಾ ತಪ್ಪು ಎಂದು ತೋರಿಸಲಾಗುವುದಿಲ್ಲ. ಅಮೆರಿಕದ ಎನ್ರಾನ್ ಕಂಪನಿ ತನ್ನ ಮೌಲ್ಯಗಳೆಂದು ಸಾರಿದ್ದು ನಾಲ್ಕು ಪದಗಳನ್ನು: ಗೌರವ, ಪ್ರಾಮಾಣಿಕತೆ, ಸಂವಹನ, ಶ್ರೇಷ್ಠತೆ. ಸಾಲವನ್ನು ಲೆಕ್ಕಪತ್ರದಿಂದ ಆಚೆ ಬಚ್ಚಿಟ್ಟ ಆ ಕಂಪನಿ 2001ರ ಡಿಸೆಂಬರ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಮೋಸ ಮಾಡಹೊರಟವರನ್ನು ಒಂದು ವಾಕ್ಯ ತಡೆಯುತ್ತದೆ ಎಂದೇನೂ ಅಲ್ಲ. ಆದರೆ ಆ ನಾಲ್ಕು ಪದಗಳಲ್ಲಿ ಒಬ್ಬ ಗುಮಾಸ್ತ ಬೆರಳಿಟ್ಟು ‘ಇದು ನಾವೇ ಬರೆದದ್ದಕ್ಕೆ ವಿರುದ್ಧ’ ಎಂದು ತೋರಿಸುವಂಥದ್ದು ಏನೂ ಇರಲಿಲ್ಲ.

ಮೌಲ್ಯವನ್ನು ಬರೆಯಲು ಸಾಮಾನ್ಯವಾಗಿ ನಾಲ್ಕು ಬಗೆಗಳಿವೆ. ಯಾವುದನ್ನು ಯಾವಾಗ ಆರಿಸಬೇಕು ಎಂಬುದು ಈ ಬರಹದ ವಿಷಯ. ಹೋಲಿಸಿ ನೋಡಲು ಒಂದೇ ಉದಾಹರಣೆಯನ್ನು ಕೊನೆಯವರೆಗೂ ಇಟ್ಟುಕೊಳ್ಳೋಣ. ಬೆನ್ನಿಗೆ ಹಾಕುವ ಬ್ಯಾಗುಗಳನ್ನು ಹೊಲಿಸಿ ಆನ್‌ಲೈನ್‌ನಲ್ಲಿ ಮಾರುವ ಒಂದು ಚಿಕ್ಕ ಕಂಪನಿ ಇದೆ ಎಂದುಕೊಳ್ಳಿ. ಅದಕ್ಕೆ ಪ್ರಾಮಾಣಿಕತೆಯನ್ನು ತನ್ನ ಮೌಲ್ಯವಾಗಿ ಬರೆಯಬೇಕಿದೆ. ಅದೇ ಮಾತು ನಾಲ್ಕು ಬಗೆಯಲ್ಲಿ ಹೀಗಿರುತ್ತದೆ:

- ಒಂಟಿ ಪದ: ಪ್ರಾಮಾಣಿಕತೆ.
- ಪದ ಮತ್ತು ವಿವರಣೆ: ಪ್ರಾಮಾಣಿಕತೆ. ಗ್ರಾಹಕರೊಂದಿಗೆ ನಾವು ಸದಾ ನೇರವಾಗಿ, ಪಾರದರ್ಶಕವಾಗಿ ನಡೆದುಕೊಳ್ಳುತ್ತೇವೆ.
- ಆಯ್ಕೆಯ ವಾಕ್ಯ: ಮಾರಾಟ ಕಡಿಮೆಯಾದರೂ ಸರಿ, ಬ್ಯಾಗಿನ ಕುಂದನ್ನು ಕೊಳ್ಳುವ ಮೊದಲೇ ಹೇಳುತ್ತೇವೆ.
- ಅಳತೆಯ ವಾಕ್ಯ: ಒಂದೇ ಭಾಗದ ಬಗ್ಗೆ 30 ದಿನಗಳಲ್ಲಿ 3 ದೂರು ಬಂದರೆ, ಮೂರನೆಯದು ಬಂದ 7 ದಿನಗಳೊಳಗೆ ಆ ಕುಂದನ್ನು ಬ್ಯಾಗಿನ ಪುಟದಲ್ಲಿ, ಬೆಲೆಯ ಕೆಳಗೇ ಬರೆಯುತ್ತೇವೆ.

ಮೊದಲ ಎರಡು ಬಗೆಗಳು ಎಲ್ಲಿ ಸೋಲುತ್ತವೆ

ಒಂಟಿ ಪದದ ಲಾಭ ಒಂದೇ, ನೆನಪಿನಲ್ಲಿ ಉಳಿಯುತ್ತದೆ. ಬೇರೆ ಬಗೆಯಲ್ಲಿ ಬರೆದ ಮೌಲ್ಯಕ್ಕೆ ಅಡ್ಡಹೆಸರಾಗಿ ಅದನ್ನು ಇಟ್ಟುಕೊಳ್ಳಬಹುದು. ಅದಕ್ಕಿಂತ ಹೆಚ್ಚಿನ ಕೆಲಸ ಅದರಿಂದ ಆಗದು.

ಎರಡನೆಯ ಬಗೆಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಮೋಸ ಹೋಗುವುದು ಇಲ್ಲೇ. ಪದದ ಮುಂದೆ ಒಂದು ವಾಕ್ಯ ಸೇರಿಸಿದ ಕೂಡಲೇ ಮೌಲ್ಯ ಸ್ಪಷ್ಟವಾಯಿತು ಎಂದು ಬರೆದವರಿಗೆ ಅನ್ನಿಸುತ್ತದೆ. ಆದರೆ ‘ಪ್ರಾಮಾಣಿಕತೆ’ಯನ್ನು ವಿವರಿಸಲು ಬಂದ ‘ನೇರ’ ಮತ್ತು ‘ಪಾರದರ್ಶಕ’ ಅದೇ ಪದದ ಅಣ್ಣತಮ್ಮಂದಿರು. ಒಂದು ಮಸುಕು ಪದವನ್ನು ಇನ್ನೆರಡು ಮಸುಕು ಪದಗಳಿಂದ ವಿವರಿಸಿದಂತಾಯಿತು, ಅಷ್ಟೆ. ‘ಸದಾ’ ಎಂಬ ಪದವೂ ಸಾಮಾನ್ಯವಾಗಿ ಇದೇ ಬಗೆಯಲ್ಲಿ ಬಂದು ಕೂರುತ್ತದೆ. ಅದು ಕಂಡರೆ ಅನುಮಾನಪಡಿ. ಯಾವಾಗ ಕಷ್ಟವಾಗುತ್ತದೆ ಎಂದು ಯಾರೂ ಯೋಚಿಸದೆ ಇದ್ದಾಗಲೇ ‘ಸದಾ’ ಎಂದು ಬರೆಯುವುದು ಸುಲಭ.

ಈ ಎರಡನ್ನೂ ಕ್ಷಣದಲ್ಲಿ ಪತ್ತೆ ಹಚ್ಚುವ ಉಪಾಯ ಎಂದರೆ ವಾಕ್ಯವನ್ನು ತಿರುವಿ ನೋಡುವುದು. ‘ನಾವು ಗ್ರಾಹಕರಿಂದ ವಿಷಯ ಮುಚ್ಚಿಡುತ್ತೇವೆ’ ಎಂದು ಯಾವ ಕಂಪನಿಯಾದರೂ ತನ್ನ ಜಾಲತಾಣದಲ್ಲಿ ಹಾಕೀತೇ? ಇಲ್ಲ. ಹಾಗಾದರೆ ಅದರ ಉಲ್ಟಾ ಮಾತು ಎಲ್ಲರಿಗೂ ಸೇರಿದ್ದು, ನಿಮ್ಮದೆಂದು ಹೇಳಿಕೊಳ್ಳುವಂಥದ್ದು ಅದರಲ್ಲಿಲ್ಲ. ಸುಳ್ಳು ಹೇಳದಿರುವುದು, ಸಂಬಳವನ್ನು ಹೊತ್ತಿಗೆ ಸರಿಯಾಗಿ ಕೊಡುವುದು, ಕಾನೂನು ಪಾಲಿಸುವುದು ಇವೆಲ್ಲ ವ್ಯಾಪಾರಕ್ಕೆ ಇಳಿಯಲು ಬೇಕಾದ ಕನಿಷ್ಠ ಅರ್ಹತೆ. ಅವು ಬೇಡ ಎಂದಲ್ಲ. ಅವುಗಳ ಜಾಗ ಕಂಪನಿಯ ನಡತೆಯ ನಿಯಮಾವಳಿಯಲ್ಲಿ. ಮೌಲ್ಯಗಳ ಪಟ್ಟಿಗೆ ಅವನ್ನು ತಂದು ತುಂಬಿದರೆ, ನಿಜವಾಗಿ ನಿಮ್ಮದೇ ಆದ ಒಂದೆರಡು ಮಾತು ಆ ಗುಂಪಿನಲ್ಲಿ ಕಾಣದೆ ಹೋಗುತ್ತವೆ.

ಆಯ್ಕೆಯ ವಾಕ್ಯ: ಏನನ್ನು ಬಿಟ್ಟುಕೊಡುತ್ತೀರಿ?

ಮೂರನೆಯ ಬಗೆಯನ್ನು ತಿರುವಿ ನೋಡಿ. ‘ಕುಂದು ಗೊತ್ತಾದರೆ ಮುಂದಿನ ಕಂತಿನಲ್ಲಿ ಸದ್ದಿಲ್ಲದೆ ಸರಿಪಡಿಸುತ್ತೇವೆ, ದೂರು ಕೊಟ್ಟವರಿಗೆ ತಕ್ಷಣ ಬೇರೆ ಬ್ಯಾಗ್ ಕೊಡುತ್ತೇವೆ, ಕೊಳ್ಳಲು ಬಂದವರನ್ನು ಸುಮ್ಮನೆ ಹೆದರಿಸುವುದಿಲ್ಲ.’ ಇದನ್ನು ಮರ್ಯಾದಸ್ಥ ಕಂಪನಿಯೊಂದು ಸಮರ್ಥಿಸಿಕೊಳ್ಳಬಹುದು. ಅಂದರೆ ನಮ್ಮ ವಾಕ್ಯದ ಹಿಂದೆ ನಿಜವಾದ ಆಯ್ಕೆಯೊಂದಿದೆ. ಎರಡು ದಾರಿಗಳಿದ್ದವು, ಒಂದನ್ನು ಬಿಟ್ಟೆವು, ಬಿಟ್ಟಿದ್ದರ ಬೆಲೆ ಮಾರಾಟದಲ್ಲಿ ಕಾಣುತ್ತದೆ. ಮೌಲ್ಯದಲ್ಲಿ ಇರಬೇಕಾದದ್ದು ಇಷ್ಟೇ.

ಈ ಬಗೆಗೆ ಬಹಳ ಜನರಿಗೆ ಗೊತ್ತಿರುವ ಮಾದರಿ ತಂತ್ರಾಂಶ ಕ್ಷೇತ್ರದ್ದು. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್‌ನಲ್ಲಿ ಸೇರಿದ್ದ 17 ಮಂದಿ ಬರೆದ ಅಜೈಲ್ ಪ್ರಣಾಳಿಕೆಯ ನಾಲ್ಕೂ ಮೌಲ್ಯಗಳು ‘ಅದಕ್ಕಿಂತ ಇದು’ ಎಂಬ ಅಚ್ಚಿನಲ್ಲೇ ಇವೆ. ವಿಸ್ತಾರವಾದ ದಾಖಲೆಗಳಿಗಿಂತ ಕೆಲಸ ಮಾಡುವ ತಂತ್ರಾಂಶ, ಯೋಜನೆಗೆ ಅಂಟಿಕೊಳ್ಳುವುದಕ್ಕಿಂತ ಬದಲಾವಣೆಗೆ ಸ್ಪಂದಿಸುವುದು, ಹೀಗೆ. ಬಿಟ್ಟುಕೊಟ್ಟದ್ದಕ್ಕೂ ಬೆಲೆಯಿದೆ, ಆದರೆ ಇದಕ್ಕೆ ಹೆಚ್ಚು ಬೆಲೆ ಎಂದು ಅವರು ಕೊನೆಯಲ್ಲಿ ಬಿಡಿಸಿ ಹೇಳಿದ್ದಾರೆ. ಆ ಒಂದು ಸಾಲು ಇಲ್ಲದಿದ್ದರೆ ‘ದಾಖಲೆಯೇ ಬೇಡ’ ಎಂದು ಓದಿಕೊಳ್ಳುವವರಿಗೆ ಕೊರತೆ ಇರುತ್ತಿರಲಿಲ್ಲ. ಆ ಸಾಲು ಇದ್ದರೂ ಹಾಗೆ ಓದಿಕೊಂಡವರಿದ್ದಾರೆ, ಅದು ಬೇರೆ ಮಾತು.

ಆಯ್ಕೆ ಎರಡೇ ವಸ್ತುಗಳ ನಡುವೆ ಇರಬೇಕೆಂದಿಲ್ಲ, ಸರದಿಯ ರೂಪದಲ್ಲೂ ಇರಬಹುದು. ಜಾನ್ಸನ್ ಅಂಡ್ ಜಾನ್ಸನ್ ಕಂಪನಿಗೆ ರಾಬರ್ಟ್ ವುಡ್ ಜಾನ್ಸನ್ 1943ರಲ್ಲಿ ಬರೆದ ಧ್ಯೇಯಪತ್ರ ತನ್ನ ಉತ್ಪನ್ನಗಳನ್ನು ಬಳಸುವವರನ್ನು ಮೊದಲು ಇಟ್ಟು, ಷೇರುದಾರರನ್ನು ಕೊನೆಗೆ ಇಟ್ಟಿತು. 1982ರಲ್ಲಿ ಶಿಕಾಗೋ ಸುತ್ತಮುತ್ತ ಯಾರೋ ಈ ಕಂಪನಿಯ ನೋವು ನಿವಾರಕ ಟೈಲೆನಾಲ್ ಗುಳಿಗೆಗಳಿಗೆ ಸಯನೈಡ್ ಬೆರೆಸಿ 7 ಮಂದಿ ಸತ್ತಾಗ ಕಂಪನಿ ದೇಶದಾದ್ಯಂತ ಸುಮಾರು 3.1 ಕೋಟಿ ಬಾಟಲಿಗಳನ್ನು ವಾಪಸು ತರಿಸಿಕೊಂಡಿತು. ಆ ತೀರ್ಮಾನದ ಬಗ್ಗೆ ಮಾತು ಬಂದಾಗಲೆಲ್ಲ ಧ್ಯೇಯಪತ್ರದ ಸರದಿಯೂ ನೆನಪಾಗುತ್ತದೆ. ಅದೇ ಪತ್ರದಲ್ಲಿ ‘ಬಳಕೆದಾರರು, ನೌಕರರು, ಸಮಾಜ, ಷೇರುದಾರರು ಎಲ್ಲರೂ ನಮಗೆ ಮುಖ್ಯ’ ಎಂದಷ್ಟೇ ಇದ್ದಿದ್ದರೆ, ಯಾರ ನಷ್ಟವನ್ನು ಮೊದಲು ತಪ್ಪಿಸಬೇಕು ಎಂಬುದಕ್ಕೆ ಅದರಲ್ಲಿ ಉತ್ತರ ಇರುತ್ತಿರಲಿಲ್ಲ.

ಈ ಬಗೆಯಲ್ಲಿ ತಪ್ಪುವುದು ಎರಡು ರೀತಿಯಲ್ಲಿ. ಒಂದು, ಬಿಟ್ಟುಕೊಡುವ ಪಕ್ಕದಲ್ಲಿ ಯಾರಿಗೂ ಬೇಡವಾದದ್ದನ್ನು ಇಡುವುದು. ‘ಅಡ್ಡದಾರಿಯ ಲಾಭಕ್ಕಿಂತ ಗ್ರಾಹಕರ ನಂಬಿಕೆ’ ಎಂದು ಬರೆದರೆ ಆಕಾರ ಆಯ್ಕೆಯದು, ಒಳಗೆ ಆಯ್ಕೆಯಿಲ್ಲ. ಅಡ್ಡದಾರಿಯ ಲಾಭ ಬೇಕು ಎನ್ನುವವರು ಯಾರು? ಬಿಟ್ಟುಕೊಡುವುದು ನೀವು ನಿಜವಾಗಿ ಆಸೆಪಡುವ ಒಳ್ಳೆಯ ವಸ್ತುವೇ ಆಗಿರಬೇಕು: ಮಾರಾಟ, ವೇಗ, ಬೆಳವಣಿಗೆ, ಹೊಸ ಮಾದರಿಗಳು, ಕಡಿಮೆ ಬೆಲೆ. ಎರಡು, ತೀರಾ ಅಗಲವಾಗಿ ಬರೆಯುವುದು. ‘ವೇಗಕ್ಕಿಂತ ಗುಣಮಟ್ಟ’ ಎಂಬುದರಲ್ಲಿ ಎರಡೂ ಒಳ್ಳೆಯವೇ. ಆದರೆ ಹೊಲಿಗೆ ವಿಭಾಗದವರು ಗುಣಮಟ್ಟ ಎಂದರೆ ದಾರದ ಗಟ್ಟಿತನ ಅಂದುಕೊಳ್ಳುತ್ತಾರೆ, ಗ್ರಾಹಕರ ಕರೆ ತೆಗೆದುಕೊಳ್ಳುವವರು ಸಮಾಧಾನವಾಗಿ ಪೂರ್ತಿ ಉತ್ತರ ಕೊಡುವುದು ಅಂದುಕೊಳ್ಳುತ್ತಾರೆ. ಇಬ್ಬರೂ ಒಂದೇ ವಾಕ್ಯವನ್ನು ಒಪ್ಪಿ ಬೇರೆ ಬೇರೆ ಕೆಲಸ ಮಾಡುತ್ತಾರೆ. ನಮ್ಮ ಉದಾಹರಣೆಯಲ್ಲಿ ‘ಬ್ಯಾಗಿನ ಕುಂದು’, ‘ಕೊಳ್ಳುವ ಮೊದಲೇ’ ಎಂಬ ಎರಡು ತುಣುಕುಗಳು ಈ ಅಗಲವನ್ನು ಕಿರಿದು ಮಾಡುತ್ತಿವೆ. ಯಾವುದರ ಬಗ್ಗೆ, ಯಾವ ಘಳಿಗೆಯಲ್ಲಿ ಎಂಬುದು ವಾಕ್ಯದೊಳಗೇ ಇದ್ದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಹಳೆಯ ತೀರ್ಮಾನಗಳ ಮೇಲೆ ಹಚ್ಚಿ ನೋಡುವುದು

ವಾಕ್ಯ ಸರಿಯಾಗಿದೆಯೇ ಎಂದು ತಿಳಿಯಲು ತಿರುವಿ ನೋಡಿದರೆ ಸಾಲದು. ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಗಟ್ಟಿ ಒರೆಗಲ್ಲು ಕಳೆದ ಒಂದು ವರ್ಷದ ನಿಮ್ಮದೇ ತೀರ್ಮಾನಗಳು. ಒಳಗೊಳಗೇ ಎರಡು ಅಭಿಪ್ರಾಯಗಳಿದ್ದ, ಯಾರಿಗಾದರೂ ಕಸಿವಿಸಿಯಾದ 10 ತೀರ್ಮಾನಗಳನ್ನು ಬರೆದುಕೊಳ್ಳಿ. ಮುಖ್ಯಸ್ಥರ ನೆನಪನ್ನಷ್ಟೇ ನೆಚ್ಚಬೇಡಿ. ದೂರುಗಳನ್ನು ನೋಡುವವರು, ಕಚ್ಚಾ ಮಾಲು ಕೊಳ್ಳುವವರು, ಜಾಹೀರಾತು ಬರೆಯುವವರು ಇವರಿಂದ ತಲಾ ಎರಡು ಮೂರು ಪ್ರಸಂಗ ಕೇಳಿ. ಒಂದೊಂದನ್ನೂ ನಾಲ್ಕು ಸಾಲಿನಲ್ಲಿ, ಏನು ತೀರ್ಮಾನವಾಯಿತು ಎಂದು ಹೇಳದೆ, ಎರಡು ದಾರಿಗಳನ್ನು ಮಾತ್ರ ಹೇಳಿ ಬರೆಯಿರಿ.

ಆಮೇಲೆ ಆ ಹಾಳೆಯನ್ನೂ ಮೌಲ್ಯದ ವಾಕ್ಯವನ್ನೂ ಇಬ್ಬರಿಗೆ ಬೇರೆ ಬೇರೆಯಾಗಿ ಕೊಡಿ. ಅವರು ವಾಕ್ಯ ಬರೆದವರಾಗಿರಬಾರದು, ಪರಸ್ಪರ ಮಾತಾಡಿಕೊಳ್ಳಬಾರದು. ಪ್ರತಿ ಪ್ರಸಂಗದ ಮುಂದೆ ಮೂರರಲ್ಲಿ ಒಂದನ್ನು ಬರೆಯಲಿ: ಮೊದಲ ದಾರಿ, ಎರಡನೆಯ ದಾರಿ, ಅಥವಾ ವಾಕ್ಯ ಏನೂ ಹೇಳುವುದಿಲ್ಲ. ತಮಗೆ ಯಾವುದು ಸರಿ ಅನ್ನಿಸುತ್ತದೆ ಎಂದಲ್ಲ, ವಾಕ್ಯ ಏನು ಹೇಳುತ್ತದೆ ಎಂದು. ಈ ವ್ಯತ್ಯಾಸವನ್ನು ಎರಡು ಸಲ ಒತ್ತಿ ಹೇಳಬೇಕಾಗುತ್ತದೆ.

ನಮ್ಮ ಬ್ಯಾಗಿನ ಕಂಪನಿಯ ಮೂರು ಪ್ರಸಂಗಗಳನ್ನು ಹತ್ತಿರದಿಂದ ನೋಡೋಣ. ಮೊದಲನೆಯದು: ಮಳೆಗೆ ತಡೆಯುತ್ತದೆ ಎಂದು ಮಾರುವ ಬ್ಯಾಗಿನಲ್ಲಿ, ಒಂದೆರಡು ಸಲ ಒಗೆದ ಮೇಲೆ, ತಳದ ಹೊಲಿಗೆಯಿಂದ ನೀರು ಜಿನುಗುತ್ತದೆ. ಪುಟದಲ್ಲಿ ಅದನ್ನು ಬರೆಯಬೇಕೇ, ಕೇಳಿದವರಿಗೆ ಮಾತ್ರ ಹೇಳಬೇಕೇ? ಎರಡನೆಯದು: ಫೋಟೊ ತೆಗೆಯುವಾಗ ಒಳಗೆ ಸ್ಪಂಜು ತುಂಬಿದ್ದರಿಂದ ಬ್ಯಾಗ್ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಫೋಟೊ ಬದಲಿಸಬೇಕೇ, ಅಳತೆಯನ್ನು ಅಂಕಿಯಲ್ಲಿ ಕೊಟ್ಟಿದ್ದೇವಲ್ಲ ಎಂದು ಬಿಡಬೇಕೇ? ಮೂರನೆಯದು: ರಿಯಾಯಿತಿ ಮಾರಾಟಕ್ಕೆ ಎರಡು ವಾರ ಮುಂಚೆ ಬೆಲೆ ಏರಿಸಿ ಆಮೇಲೆ ಇಳಿಸಬಹುದೇ?

‘ನೇರವಾಗಿ, ಪಾರದರ್ಶಕವಾಗಿ’ ಎಂಬ ಎರಡನೆಯ ಬಗೆಯ ವಾಕ್ಯ ಕೈಯಲ್ಲಿದ್ದರೆ ಮೊದಲ ಪ್ರಸಂಗದಲ್ಲೇ ಇಬ್ಬರ ದಾರಿ ಕವಲೊಡೆಯುತ್ತದೆ. ಕೇಳಿದವರಿಗೆ ಮುಚ್ಚುಮರೆಯಿಲ್ಲದೆ ಹೇಳುವುದೂ ಪಾರದರ್ಶಕವೇ ತಾನೇ, ಎಂದು ಒಬ್ಬರು ವಾದಿಸಬಹುದು. ಅದು ತಪ್ಪು ಎಂದು ಆ ವಾಕ್ಯದಿಂದ ಸಾಧಿಸಲಾಗದು. ಮೂರನೆಯ ಬಗೆಯ ವಾಕ್ಯದಲ್ಲಿ ಆ ವಾದಕ್ಕೆ ಜಾಗವಿಲ್ಲ, ‘ಕೊಳ್ಳುವ ಮೊದಲೇ’ ಎಂದಿದೆ. ಫೋಟೊ ವಿಷಯದಲ್ಲಿ ಇಬ್ಬರು ಓದುಗರು ಬೇರೆಯಾಗುವ ಸಾಧ್ಯತೆ ಇದೆ, ಏಕೆಂದರೆ ದೊಡ್ಡದಾಗಿ ಕಾಣುವುದು ‘ಕುಂದು’ ಹೌದೋ ಅಲ್ಲವೋ ಸ್ಪಷ್ಟವಿಲ್ಲ. ಇಂಥ ಕಡೆ ವಾಕ್ಯ ತಿದ್ದಬೇಕು: ‘ಬ್ಯಾಗಿನ ಕುಂದನ್ನು, ಫೋಟೊದಿಂದ ತಪ್ಪು ತಿಳಿಯಬಹುದಾದದ್ದನ್ನು’ ಎಂದು ಸೇರಿಸಬಹುದು. ಮೂರನೆಯ ಪ್ರಸಂಗಕ್ಕೆ ವಾಕ್ಯ ಏನೂ ಹೇಳುವುದಿಲ್ಲ. ಅದು ಬೆಲೆಯ ವಿಷಯ, ಕುಂದಿನದಲ್ಲ. ಏನೂ ಹೇಳದಿರುವುದು ತಪ್ಪೇನಲ್ಲ. ಎಲ್ಲಕ್ಕೂ ಉತ್ತರ ಕೊಡುವಂತೆ ವಾಕ್ಯವನ್ನು ಹಿಗ್ಗಿಸಹೊರಟರೆ ಮತ್ತೆ ‘ಪ್ರಾಮಾಣಿಕತೆ’ಗೇ ಬಂದು ನಿಲ್ಲುತ್ತೀರಿ. ಬೆಲೆಯ ಬಗ್ಗೆ ನಿಜಕ್ಕೂ ಗಟ್ಟಿ ನಿಲುವಿದ್ದರೆ ಅದು ಬೇರೆಯದೇ ಮೌಲ್ಯ, ಇಲ್ಲದಿದ್ದರೆ ನಿಯಮಾವಳಿಯ ಒಂದು ಸಾಲು.

ಫಲಿತಾಂಶವನ್ನು ಹೀಗೆ ಓದಿ. ಹತ್ತರಲ್ಲಿ ಮೂರು ನಾಲ್ಕು ಪ್ರಸಂಗಗಳಿಗೆ ವಾಕ್ಯ ಉತ್ತರ ಕೊಟ್ಟು, ಅಲ್ಲಿ ಇಬ್ಬರ ಉತ್ತರವೂ ಒಂದೇ ಆದರೆ ವಾಕ್ಯ ಚೆನ್ನಾಗಿದೆ. ಹತ್ತಕ್ಕೆ ಹತ್ತೂ ‘ಏನೂ ಹೇಳುವುದಿಲ್ಲ’ ಎಂದು ಬಂದರೆ ನಿಮ್ಮ ದಿನನಿತ್ಯದ ಕೆಲಸಕ್ಕೆ ತಾಗದ ಮಾತೊಂದನ್ನು ಬರೆದಿದ್ದೀರಿ. ಇಬ್ಬರೂ ಉತ್ತರ ಕೊಟ್ಟು ಉತ್ತರಗಳು ಬೇರೆಯಾದರೆ ಅದು ಎಲ್ಲಕ್ಕಿಂತ ಉಪಯೋಗದ ಫಲಿತಾಂಶ: ಯಾವ ಪದದ ಮೇಲೆ ಅವರು ಬೇರೆಯಾದರು ಎಂದು ಕೂರಿಸಿ ಕೇಳಿ, ಆ ಪದವನ್ನು ಕಿತ್ತು ಇನ್ನೊಂದನ್ನು ಹಾಕಿ. ಇನ್ನೂ ಒಂದು ಸಾಧ್ಯತೆ ಇದೆ. ವಾಕ್ಯ ಹೇಳುವುದಕ್ಕೂ ನೀವು ನಿಜವಾಗಿ ಮಾಡಿದ್ದಕ್ಕೂ ಪ್ರತಿ ಸಲ ತಾಳೆ ಬೀಳದಿದ್ದರೆ, ಬರೆದದ್ದು ಇಂದಿನ ಮೌಲ್ಯವಲ್ಲ, ನಾಳೆಯ ಆಸೆ. ಆಸೆಯನ್ನು ಬರೆಯಬಾರದು ಎಂದಿಲ್ಲ. ಆದರೆ ‘ಮಾಡುತ್ತೇವೆ’ ಎಂದು ಜಾಲತಾಣದಲ್ಲಿ ಹಾಕದೆ, ಯಾವ ತಿಂಗಳಿಂದ ಮಾಡುತ್ತೇವೆ ಎಂದು ಮೊದಲು ಒಳಗೆ ತೀರ್ಮಾನಿಸಿಕೊಳ್ಳಿ. ನೌಕರರಿಗೆ ಮೌಲ್ಯಗಳ ಮೇಲೆ ನಂಬಿಕೆ ಹೋಗುವುದು ಈ ಒಂದು ಗೊಂದಲದಿಂದಲೇ ಹೆಚ್ಚು.

ಅಳತೆಯ ವಾಕ್ಯ: ಬಲ ಎಲ್ಲಿ, ಬಿರುಕು ಎಲ್ಲಿ

ನಾಲ್ಕನೆಯ ಬಗೆಯಲ್ಲಿ ವಾದಕ್ಕೆ ಜಾಗವೇ ಇಲ್ಲ. ದೂರುಗಳ ದಾಖಲೆ ತೆರೆಯಿರಿ, ಮೂರನೆಯ ದೂರಿನ ದಿನಾಂಕ ನೋಡಿ, ಪುಟ ತಿದ್ದಿದ ದಿನಾಂಕ ನೋಡಿ, ಕಳೆಯಿರಿ. 7 ಅಥವಾ ಅದಕ್ಕಿಂತ ಕಡಿಮೆ ಬಂದರೆ ಪಾಲಿಸಿದಿರಿ, ಹೆಚ್ಚು ಬಂದರೆ ಇಲ್ಲ. ಹೊರಗಿನವರೂ ಪರೀಕ್ಷಿಸಬಹುದಾದ ಮಾತಾದರೆ ಗ್ರಾಹಕರ ನಂಬಿಕೆಯೂ ಬೇಗ ಬರುತ್ತದೆ. ಅಮೆರಿಕದ ಕಾಸ್ಟ್‌ಕೋ ಮಳಿಗೆಗಳು ಹೊರಗಿನ ಬ್ರ್ಯಾಂಡುಗಳ ಸರಕಿನ ಮೇಲೆ ಸುಮಾರು ಶೇ 14ಕ್ಕಿಂತ, ತಮ್ಮದೇ ಬ್ರ್ಯಾಂಡಿನ ಮೇಲೆ ಸುಮಾರು ಶೇ 15ಕ್ಕಿಂತ ಹೆಚ್ಚು ಲಾಭಾಂಶ ಸೇರಿಸದಿರುವ ಮಿತಿಯನ್ನು ದಶಕಗಳಿಂದ ಇಟ್ಟುಕೊಂಡು ಬಂದಿವೆ. ‘ಗ್ರಾಹಕರಿಗೆ ನ್ಯಾಯವಾದ ಬೆಲೆ’ ಎಂಬ ಮಾತನ್ನು ಸರಕು ಕೊಳ್ಳುವ ಗುಮಾಸ್ತರ ಮೇಜಿನ ಮೇಲೆ ಒಂದು ಅಂಕಿಯಾಗಿ ಇಟ್ಟರೆ ಹೀಗಿರುತ್ತದೆ. ಪ್ರತಿ ಸರಕಿಗೂ ಬೆಲೆ ಹಾಕುವಾಗ ಅದು ಎದುರಿಗೆ ಬರುತ್ತದೆ.

ಹಾಗಾದರೆ ಎಲ್ಲ ಮೌಲ್ಯಗಳನ್ನೂ ಅಂಕಿಯಲ್ಲೇ ಬರೆದುಬಿಡಬಹುದಲ್ಲ? ಬೇಡ. ಕಾರಣಗಳು ಅಂಕಿಯೊಳಗೇ ಇವೆ.

ನಮ್ಮ ವಾಕ್ಯದ ‘3 ದೂರು’ ನೋಡಿ. ತಿಂಗಳಿಗೆ 50 ಮಾರಾಟವಾಗುವ ಮಾದರಿಯಲ್ಲಿ 3 ದೂರು ಎಂದರೆ ಶೇ 6, ಅದು ಗಂಭೀರ. 5,000 ಮಾರಾಟವಾಗುವ ಮಾದರಿಯಲ್ಲಿ ಅದೇ 3 ದೂರು ಶೇ 0.06. ಅಲ್ಲಿ ಈ ವಾಕ್ಯವನ್ನು ಪಾಲಿಸಿದರೆ ಜಿಪ್ಪು, ಬಕಲ್ಲು, ಬಣ್ಣ, ಹಿಡಿಕೆ ಎಂದು ಪ್ರತಿಯೊಂದರ ಬಗ್ಗೆಯೂ ಎಚ್ಚರಿಕೆ ತುಂಬಿ, ಯಾವುದು ನಿಜವಾದ ಕುಂದು ಎಂದು ಕೊಳ್ಳುವವರಿಗೆ ಗೊತ್ತೇ ಆಗುವುದಿಲ್ಲ. ಪಾಲಿಸಿದಷ್ಟೂ ಪ್ರಾಮಾಣಿಕತೆ ಕಡಿಮೆಯಾಗುವ ವಿಚಿತ್ರ ಸ್ಥಿತಿ. ಅದಕ್ಕೆ ಅಳತೆಯನ್ನು ಮಾರಾಟಕ್ಕೆ ಕಟ್ಟಬೇಕು: ‘ಆ 30 ದಿನಗಳಲ್ಲಿ ಮಾರಾಟವಾದ 100ಕ್ಕೆ 2ರಂತೆ ದೂರು, ಮತ್ತು ಕನಿಷ್ಠ 3 ದೂರು’ ಎಂದು. ಕನಿಷ್ಠ 3 ಏಕೆಂದರೆ, 20 ಬ್ಯಾಗ್ ಮಾರಿದ ತಿಂಗಳಲ್ಲಿ ಒಬ್ಬರೇ ದೂರು ಕೊಟ್ಟರೂ ಅದು ಶೇ 5 ಆಗಿಬಿಡುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ಬಿರುಕು ದಾಖಲೆಯಲ್ಲಿ ಬೀಳುತ್ತದೆ. ಅಂಕಿ ಬಂದ ಮೇಲೆ ಜನ ಅಂಕಿಯನ್ನು ಕಾಯುತ್ತಾರೆ. ದೂರು ಬರೆದುಕೊಳ್ಳುವವರಿಗೆ ಗೊತ್ತು, ಇನ್ನೊಂದು ಜಿಪ್ಪಿನ ದೂರು ಬಂದರೆ ಪುಟ ತಿದ್ದಬೇಕು, ಮಾರಾಟದವರು ಗೊಣಗುತ್ತಾರೆ. ಆಗ ‘ಜಿಪ್ ದೋಷ’ ಎಂಬುದು ನಿಧಾನವಾಗಿ ‘ಬಳಕೆಯ ಸಮಸ್ಯೆ’ ಆಗುತ್ತದೆ, ‘ಇತರೆ’ ಆಗುತ್ತದೆ. ಯಾರೂ ಸುಳ್ಳು ಹೇಳಲಿಲ್ಲ, ಅಂಕಿಗಳು ಮಾತ್ರ ಚೆನ್ನಾಗಿ ಕಾಣತೊಡಗುತ್ತವೆ. ಇದನ್ನು ಪತ್ತೆ ಮಾಡುವ ಲಕ್ಷಣ ಒಂದಿದೆ: ಒಟ್ಟು ದೂರುಗಳು ಹೆಚ್ಚುಕಡಿಮೆ ಅಷ್ಟೇ ಇದ್ದು, ‘ಇತರೆ’ಯ ಪಾಲು ತಿಂಗಳಿಂದ ತಿಂಗಳಿಗೆ ಏರುತ್ತಿರುತ್ತದೆ. ತಡೆಯುವ ದಾರಿಯೂ ಸರಳ. ತಿಂಗಳಿಗೊಮ್ಮೆ ಯಾವ ಕ್ರಮವೂ ಇಲ್ಲದೆ 20 ದೂರುಗಳನ್ನು ಎತ್ತಿಕೊಂಡು, ದೂರು ವಿಭಾಗದವರಲ್ಲದ ಒಬ್ಬರು ಗ್ರಾಹಕರ ಮೂಲ ಮಾತುಗಳನ್ನು ಓದಿ, ತಾವೇ ವಿಂಗಡಿಸಬೇಕು. 20ರಲ್ಲಿ ಒಂದೆರಡು ಬೇರೆಯಾಗುವುದು ಸಹಜ. ಐದಾರು ಬೇರೆಯಾದರೆ ಅಂಕಿಯನ್ನು ನಂಬಬೇಡಿ.

ಮೂರನೆಯ ಬಿರುಕು ಕಾಲದ್ದು. ಬ್ರಿಟನ್ನಿನ ಜಾನ್ ಲೂಯಿಸ್ ಮಳಿಗೆಗಳು 1925ರಿಂದ ಹೇಳಿಕೊಂಡು ಬಂದ ಮಾತೊಂದಿತ್ತು: ನಮಗೆ ಗೊತ್ತಿದ್ದೂ ಬೇರೆಯವರಿಗಿಂತ ದುಬಾರಿಗೆ ಮಾರುವುದಿಲ್ಲ. ಬೇರೆ ಅಂಗಡಿಯಲ್ಲಿ ಅದೇ ವಸ್ತು ಕಡಿಮೆ ಬೆಲೆಗಿದ್ದರೆ ಬೆಲೆ ಸರಿಹೊಂದಿಸುವುದು ಅದರ ಪರೀಕ್ಷೆ. ಒರೆಗೆ ಹಚ್ಚಬಹುದಾದ ಮೌಲ್ಯಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಆದರೆ ಆ ಭರವಸೆ ಆನ್‌ಲೈನ್‌ನಲ್ಲಷ್ಟೇ ಮಾರುವವರ ಬೆಲೆಗಳಿಗೆ ಅನ್ವಯಿಸುತ್ತಿರಲಿಲ್ಲ. ಜನ ಕೊಳ್ಳುವುದು ಆನ್‌ಲೈನ್‌ಗೆ ಸರಿದಂತೆ ಹೋಲಿಕೆಗೆ ಅರ್ಥ ಕಡಿಮೆಯಾಯಿತು, 2022ರಲ್ಲಿ ಕಂಪನಿ ಅದನ್ನು ಕೈಬಿಟ್ಟಿತು. 2024ರಲ್ಲಿ ಆನ್‌ಲೈನ್ ವ್ಯಾಪಾರಿಗಳನ್ನೂ ಸೇರಿಸಿಕೊಂಡು ಮತ್ತೆ ತಂದಿತು. ಹಳತಾದದ್ದು ಆಯ್ಕೆಯಲ್ಲ, ಯಾರೊಂದಿಗೆ ಹೋಲಿಸಬೇಕು ಎಂಬ ಅಳತೆಗೋಲು. ಎರಡೂ ಒಂದೇ ಮಾತಿನಲ್ಲಿ ಹೆಣೆದುಕೊಂಡಿದ್ದರಿಂದ, ಅಳತೆಗೋಲು ಸವೆದಾಗ ಮಾತನ್ನೇ ಬಿಡಬೇಕಾಯಿತು.

ಯಾವುದನ್ನು ಆರಿಸಬೇಕು

ಈ ಕಾರಣಕ್ಕೇ ನನ್ನ ಸಲಹೆ: ಮೌಲ್ಯವನ್ನು ಮೂರನೆಯ ಬಗೆಯಲ್ಲಿ ಬರೆಯಿರಿ, ಅದರ ಕೆಳಗೆ ಬೇರೆ ಸಾಲಿನಲ್ಲಿ ನಾಲ್ಕನೆಯ ಬಗೆಯ ಅಳತೆಯನ್ನು ದಿನಾಂಕದೊಂದಿಗೆ ಇಡಿ. ‘ಮಾರಾಟ ಕಡಿಮೆಯಾದರೂ ಸರಿ, ಬ್ಯಾಗಿನ ಕುಂದನ್ನು ಕೊಳ್ಳುವ ಮೊದಲೇ ಹೇಳುತ್ತೇವೆ’ ಎಂಬುದು ಹತ್ತು ವರ್ಷ ನಿಲ್ಲಬಹುದು. ‘100ಕ್ಕೆ 2, ಕನಿಷ್ಠ 3, 7 ದಿನ’ ಎಂಬುದನ್ನು ವರ್ಷಕ್ಕೊಮ್ಮೆ ತಿದ್ದಬಹುದು, ಮೌಲ್ಯ ಬದಲಾಯಿತು ಎಂದು ಯಾರೂ ಹೇಳುವುದಿಲ್ಲ. ಗ್ರಾಹಕರಿಗೆ ಕಾಣುವ ಪುಟದಲ್ಲಿ ಎರಡನ್ನೂ ಹಾಕಬಹುದು. ಅಳತೆಯನ್ನು ಹಾಕುವ ಧೈರ್ಯ ಇನ್ನೂ ಇಲ್ಲದಿದ್ದರೆ ಎರಡು ತ್ರೈಮಾಸಿಕ ಕಂಪನಿಯ ಒಳಗಷ್ಟೇ ಪಾಲಿಸಿ ನೋಡಿ, ಆಮೇಲೆ ಹಾಕಿ.

ಈ ಸಲಹೆ ಹೊಂದದ ಸಂದರ್ಭಗಳೂ ಇವೆ. ಶುರುವಾಗಿ ಆರು ತಿಂಗಳೂ ಆಗದ ಕಂಪನಿಗೆ ಒರೆಗೆ ಹಚ್ಚಲು ಹಳೆಯ ತೀರ್ಮಾನಗಳೇ ಇರುವುದಿಲ್ಲ. ಅಂಥವರು ಒಂದೋ ಎರಡೋ ಆಯ್ಕೆಯ ವಾಕ್ಯಗಳಲ್ಲಿ ನಿಲ್ಲಿಸಬೇಕು, ಅಂಕಿಗೆ ಹೋಗಬಾರದು. ಏನನ್ನು ಅಳೆಯಬೇಕು ಎಂದು ತಿಳಿಯುವಷ್ಟು ದೂರುಗಳೂ ಅವರಿಗೆ ಬಂದಿರುವುದಿಲ್ಲ. ಇದಕ್ಕೆ ವಿರುದ್ಧವಾಗಿ, ಗ್ರಾಹಕರಿಗೆ ಕೊಡುವ ಒಂದೇ ಭರವಸೆಯ ಮೇಲೆ ನಿಂತಿರುವ ವ್ಯಾಪಾರಕ್ಕೆ, ಉದಾಹರಣೆಗೆ ಇಷ್ಟೇ ಗಂಟೆಯಲ್ಲಿ ತಲುಪಿಸುತ್ತೇವೆ ಎನ್ನುವವರಿಗೆ, ಅಳತೆಯ ವಾಕ್ಯವೊಂದೇ ಸಾಕಾಗಬಹುದು.

ಎಷ್ಟು ಮೌಲ್ಯಗಳು? ಮೂರು ಅಥವಾ ನಾಲ್ಕು. ಪ್ರತಿಯೊಂದೂ ಏನನ್ನೋ ಬಿಟ್ಟುಕೊಡುತ್ತದೆ. ಏಳೆಂಟು ವಾಕ್ಯ ಬರೆದರೆ ಒಂದರಲ್ಲಿ ಬಿಟ್ಟುಕೊಟ್ಟದ್ದನ್ನು ಇನ್ನೊಂದರಲ್ಲಿ ವಾಪಸು ಕೇಳುತ್ತಿರುತ್ತೀರಿ. ವಾಕ್ಯಗಳನ್ನು ಎರಡೆರಡಾಗಿ ಎದುರುಬದುರು ಇಟ್ಟು ಓದಿದರೆ ಇದು ತಕ್ಷಣ ಕಾಣುತ್ತದೆ.

‘ಶ್ರೇಷ್ಠತೆ’ಯಂಥ ಪದವನ್ನು ಬಿಡಲು ಮನಸ್ಸೇ ಬಾರದಿದ್ದರೆ ಅದನ್ನೂ ಇದೇ ದಾರಿಯಲ್ಲಿ ಕರಗಿಸಬಹುದು. ಯಾವುದರಲ್ಲಿ ಶ್ರೇಷ್ಠರಾಗಬೇಕು ಎಂದು ಕೇಳಬೇಡಿ, ಉತ್ತರ ‘ಎಲ್ಲದರಲ್ಲೂ’ ಎಂದೇ ಬರುತ್ತದೆ. ಯಾವುದರಲ್ಲಿ ಹಿಂದೆ ಬಿದ್ದರೂ ಪರವಾಗಿಲ್ಲ ಎಂದು ಕೇಳಿ. ಬ್ಯಾಗಿನ ಕಂಪನಿಯವರು ಸ್ವಲ್ಪ ಯೋಚಿಸಿ, ಹೊಸ ಮಾದರಿ ತರುವುದರಲ್ಲಿ ಎನ್ನಬಹುದು. ಆಗ ವಾಕ್ಯ ತಾನಾಗಿ ಬರುತ್ತದೆ: ‘ಹೊಸ ಮಾದರಿ ತಡವಾದರೂ ಸರಿ, ಹಳೆಯ ಬ್ಯಾಗನ್ನು ರಿಪೇರಿ ಮಾಡಿಕೊಡುತ್ತೇವೆ.’ ಅದರ ಕೆಳಗಿನ ಅಳತೆ: ‘ಮಾರಾಟ ನಿಲ್ಲಿಸಿದ ಮಾದರಿಗೂ 5 ವರ್ಷ ಜಿಪ್, ಬಕಲ್, ಭುಜದ ಪಟ್ಟಿ ಸಿಗುತ್ತವೆ.’ ಇದನ್ನು ಬರೆಯುವ ಮೊದಲು ಗೋದಾಮಿನವರನ್ನು ಕರೆದು ಕೇಳಬೇಕು. ಐದು ವರ್ಷದ ಬಿಡಿಭಾಗಗಳಿಗೆ ಜಾಗವೂ ಹಣವೂ ಎಷ್ಟು ಬೇಕು ಎಂದು ಅವರು ಹೇಳಿದ ಮೇಲೂ ವಾಕ್ಯ ಉಳಿದರೆ ಅದು ನಿಮ್ಮದು.

ಮೂರು ತಿಂಗಳಿಗೊಮ್ಮೆ

ಬರೆದ ಮೇಲೆ ಪ್ರತಿ ತ್ರೈಮಾಸಿಕ ಒಂದು ಗಂಟೆ ಸಾಕು. ಅಳತೆಯ ಅಂಕಿ ನೋಡಿ, ವಾಕ್ಯ ಮುರಿದ ಪ್ರಸಂಗಗಳನ್ನು ಎದುರಿಗಿಡಿ. ಒಂದೊಂದಕ್ಕೂ ಕಾರಣ ಮೂರರಲ್ಲಿ ಒಂದಿರುತ್ತದೆ. ಪುಟ ತಿದ್ದುವವರು ರಜೆಯಲ್ಲಿದ್ದರು, ಬೇರೆ ಯಾರಿಗೂ ಅನುಮತಿ ಇರಲಿಲ್ಲ: ಇದು ವ್ಯವಸ್ಥೆಯ ತಪ್ಪು, ಇನ್ನೊಬ್ಬರಿಗೆ ಅನುಮತಿ ಕೊಟ್ಟರೆ ಮುಗಿಯಿತು. ದೊಡ್ಡ ಮಾರಾಟದ ವಾರ ಕಳೆಯಲಿ ಎಂದು ಬೇಕೆಂದೇ ತಡಮಾಡಿದರು: ಇದು ಮೌಲ್ಯದ ಉಲ್ಲಂಘನೆ, ಯಾರು ತೀರ್ಮಾನಿಸಿದರು ಎಂದು ದಾಖಲಾಗಬೇಕು, ಅವರು ಮುಖ್ಯಸ್ಥರೇ ಆಗಿದ್ದರೂ. ಮೂರನೆಯದು, ಮುರಿದದ್ದೇ ಸರಿಯಾಗಿತ್ತು ಎಂದು ಕೋಣೆಯಲ್ಲಿದ್ದವರೆಲ್ಲ ಒಪ್ಪುವುದು. ಒಮ್ಮೆ ಹಾಗಾದರೆ ಅಪವಾದವೆಂದು ಬರೆದಿಡಿ. ಒಂದೇ ವರ್ಷದಲ್ಲಿ ಮೂರು ಸಲ ಹಾಗಾದರೆ ಆ ವಾಕ್ಯ ನಿಮ್ಮದಲ್ಲ. ಅದನ್ನು ತೆಗೆದು, ಆ ಮೂರು ಸಲ ನಿಜವಾಗಿ ಏನನ್ನು ಆರಿಸಿಕೊಂಡಿರೋ ಅದನ್ನೇ ಹೊಸ ವಾಕ್ಯವಾಗಿ ಬರೆದು, ಮೊದಲಿನಂತೆ ಇಬ್ಬರ ಕೈಗೆ ಹತ್ತು ಪ್ರಸಂಗಗಳೊಂದಿಗೆ ಕೊಡಿ. ಹಳೆಯ ವಾಕ್ಯವನ್ನು ಅಳಿಸಬೇಡಿ. ಅದು ಯಾವ ದಿನಾಂಕದವರೆಗೆ ಜಾರಿಯಲ್ಲಿತ್ತು, ಯಾವ ಮೂರು ತೀರ್ಮಾನಗಳಿಂದ ಬದಲಾಯಿತು ಎಂದು ಅದರ ಪಕ್ಕದಲ್ಲೇ ಬರೆದಿಡಿ.